ತುಂಬಿಸಿದ ಗದ್ದ

ಮುಂಡಗೋಡದ ಬಸ್ ಸ್ಟ್ಯಾಂಡ್ ಎದುರಿಗೆ ಜಾಸ್ಮಿನಳ ಸ್ಟುಡಿಯೋ. ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವುದರಿಂದ ಬದುಕಿರುವವರು ಅವಳ ಹತ್ತಿರ ಬರುವುದು ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಮಾತ್ರ. ಉಳಿದ ಕೆಲಸವೆಲ್ಲ ತೀರಿಹೋದವರದು. ಜೀವಮಾನದಲ್ಲಿ ಕೋಟು ಮುಟ್ಟದ ರೈತನಿಗೆ ಅವಳು ನೀಲಿ ಕೋಟು ತೊಡಿಸುತ್ತಾಳೆ. ಯಾರದೋ ಮದುವೆಯ ಪಂಕ್ತಿಯಲ್ಲಿ ಬಾಯಿ ತುಂಬ ತುತ್ತಿಟ್ಟುಕೊಂಡು ಕೂತ ಅಜ್ಜಿಯನ್ನು ಎಬ್ಬಿಸಿ, ಬಾಯಿ ಮುಚ್ಚಿಸಿ, ಇಳಕಲ್ ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸುತ್ತಾಳೆ. ಕೋಟು, ಸೀರೆ, ಕುರ್ಚಿ, ಹಿಂದಿನ ಪರದೆ ಎಲ್ಲ ಅವಳ ಕಂಪ್ಯೂಟರಿನಲ್ಲಿ ತಯಾರಿವೆ. ಗಿರಾಕಿ ತರಬೇಕಾದದ್ದು ಮುಖ ಒಂದೇ.

ಆ ಮುಖವೇ ಸರಿಯಾಗಿ ಸಿಗುವುದಿಲ್ಲ ನೋಡಿ. ನಮ್ಮ ಜನ ಫೋಟೋ ತೆಗೆಯುವಾಗ ಆಕಾಶ ಬಿಡುವುದಿಲ್ಲ, ಹಿಂದೆ ನಿಂತ ಎಮ್ಮೆ ಬಿಡುವುದಿಲ್ಲ, ಎದುರಿಗಿರುವ ಮನುಷ್ಯನ ಹಣೆಯನ್ನೋ ಗದ್ದವನ್ನೋ ಮಾತ್ರ ಕತ್ತರಿಸಿಬಿಡುತ್ತಾರೆ. ಜಾಸ್ಮಿನಳ ತಂದೆ ಗೌಸಸಾಹೇಬರ ಕಾಲದಲ್ಲಿ ಅಂಥ ಫೋಟೋ ಬಂದರೆ ಆಗುವುದಿಲ್ಲ ಎಂದು ವಾಪಸ್ ಕೊಡುತ್ತಿದ್ದರು. ಅವರು ಹೋದಮೇಲೆ ಅಂಗಡಿ ಮಗಳ ಕೈಗೆ ಬಂತು, ಜೊತೆಗೆ ಹೊಸ ಸಾಫ್ಟ್‌ವೇರೂ ಬಂತು. ಅದರಲ್ಲಿ ಇಲ್ಲದ್ದನ್ನು ತುಂಬಿಸಲು ಎರಡು ದಾರಿ. ಒಂದು ಹಳೆಯದು. ಅದು ಅದೇ ಫೋಟೋದ ಅಕ್ಕಪಕ್ಕದ ತುಣುಕುಗಳನ್ನೇ ಎತ್ತಿ ಖಾಲಿ ಜಾಗಕ್ಕೆ ಮೆತ್ತುತ್ತದೆ. ಗೋಡೆಗೆ, ಹುಲ್ಲಿಗೆ ಅದು ಸಾಕು. ಮುಖಕ್ಕೆ ಹಚ್ಚಿದರೆ ಫಜೀತಿ. ಒಮ್ಮೆ ಪಕ್ಕದೂರು ಇಂದೂರಿನ ಒಬ್ಬ ಗೌಡರ ಹಣೆ ತುಂಬಿಸಲು ಹೋಗಿ ಮೂರನೆಯ ಹುಬ್ಬು ಮೂಡಿಸಿತ್ತು. ಇನ್ನೊಂದು ದಾರಿ ಈಚೆಗೆ ಬಂದ ಎಐ. ಅದು ಪಕ್ಕದ ತುಣುಕು ಕದಿಯುವುದಿಲ್ಲ. ಅದಕ್ಕೆ ಕಲಿಸಿದ ಲೆಕ್ಕವಿಲ್ಲದಷ್ಟು ಚಿತ್ರಗಳ ಅಂದಾಜಿನ ಮೇಲೆ ಇಂಥ ಕಣ್ಣು ಮೂಗಿಗೆ ಇಂಥ ಹಣೆ ಇರಬಹುದು ಎಂದು ಹೊಸದಾಗಿ ಹುಟ್ಟಿಸುತ್ತದೆ. ಮೂರು ಮಾದರಿ ತೋರಿಸಿ, ಯಾವುದು ಬೇಕು ಎನ್ನುತ್ತದೆ. ಮನೆಯವರು ಒಂದನ್ನು ಆರಿಸಿ ಕಣ್ಣೊರೆಸಿಕೊಂಡು ಹೋಗುತ್ತಾರೆ. ಸತ್ತವರು ಎದ್ದು ಬಂದು, ನನ್ನ ಹಣೆ ಹೀಗಿರಲಿಲ್ಲ ಎಂದು ತಕರಾರು ಮಾಡಿದ್ದಿಲ್ಲ.

ರುದ್ರೇಶ ತಂದದ್ದು ಮಾತ್ರ ಬದುಕಿರುವವರ ಮುಖ.

ಅತ್ತಿವೇರಿಯ ಹತ್ತಿರ ಹೊಲ ಮಾಡಿಕೊಂಡಿರುವ ನಲವತ್ತೈದರ ಆಸುಪಾಸಿನ ಮನುಷ್ಯ ಅವನು. ಮುಂಡಗೋಡದ ಸಂತೆಗೆ ತಾಯಿ ಗಿರಿಜಾಬಾಯಿಯನ್ನೂ ಕರೆದುಕೊಂಡು ಬಂದಿದ್ದ. ಮುದುಕಿಗೆ ಈಚೆಗೆ ಮರೆವು. ಉಂಡದ್ದು ನೆನಪಿಲ್ಲ, ಮೊಮ್ಮಗಳ ಹೆಸರು ನೆನಪಿಲ್ಲ. ಹೆಂಡತಿ ನಿರ್ಮಲಾ ಮೆಣಸಿನಕಾಯಿ ಆರಿಸುತ್ತಿದ್ದಳು, ಇವನು ಚೀಲ ಹೊತ್ತು ಗಾಡಿಯಲ್ಲಿಡಲು ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಮುದುಕಿ ಇಲ್ಲ. ಸಂತೆಯೆಲ್ಲ ಜಾಲಾಡಿದರು. ಹಳಿಯಾಳದ ಕಡೆಯ ತವರೂರು ತೇರಗಾಂವಕ್ಕೆ ಹೋಗಿರಬೇಕೆಂದು ಅಂದೇ ಅಲ್ಲಿಗೂ ಓಡಿದರು. ಅಲ್ಲೂ ಇಲ್ಲ. ಪೊಲೀಸರಿಗೆ ದೂರು ಕೊಟ್ಟಾಯಿತು. ಸ್ಪಷ್ಟವಾದ ಫೋಟೋ ತನ್ನಿ ಎಂದಿದ್ದರು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಜಾಸ್ಮಿನಳ ಮುಂದೆ ನಿಂತಿದ್ದರು.

"ಆಧಾರ ಕಾರ್ಡಿನ್ಯಾಗ ಇದ್ದಲಿ ಬಳದಂಗ ಕಾಣತಾಳ ತಂಗಿ. ಮದವಿ ಆಲ್ಬಮ್ಮಿನ್ಯಾಗ ಸೆರಗಿನ್ಯಾಗ ಮಾರಿ ಮುಚ್ಚಕೊಂಡಾಳ. ಚೊಲೋ ಇರೂದು ಇದೊಂದ," ಎಂದು ರುದ್ರೇಶ ಫೋನು ಚಾಚಿದ. ಮಗಳು ಪೂರ್ಣಿಮಾ ಅತ್ತಿವೇರಿಯ ಕೆರೆ ದಂಡೆಯಲ್ಲಿ ಅಜ್ಜಿಯ ಮುಖಕ್ಕೆ ಫೋನು ಹಿಡಿದು ತೆಗೆದ ಫೋಟೋ ಅದು. ಕಣ್ಣಿನ ಸುತ್ತಲ ನಿರಿಗೆ, ಹಣೆಯ ವಿಭೂತಿ, ಮೂಗುತಿಯ ಹರಳು, ನಗಲೋ ಬೇಡವೋ ಎಂಬ ತುಟಿ ಎಲ್ಲ ಅಚ್ಚುಕಟ್ಟಾಗಿ ಬಂದಿದ್ದವು. ತುಟಿಯಿಂದ ಬೆರಳಗಲ ಕೆಳಗೆ ಫೋಟೋ ಮುಗಿದಿತ್ತು. ಗದ್ದವೇ ಇರಲಿಲ್ಲ.

"ಅರ್ಧ ಮಾರಿ ಹಾಕಿದ್ರ ಗುರುತ ಹಿಡಿಯೂದಿಲ್ಲ ಮಂದಿ," ಎಂದಳು ನಿರ್ಮಲಾ. "ನೀವು ಗದ್ದಾ ಕೂಡಸ್ತೀರಂತ ಹೌದಲ್ರಿ?"

"ಕೂಡಸ್ತೇನ್ರಿ ವೈನಿ. ಕೂಡ್ರಿ," ಎಂದಳು ಜಾಸ್ಮಿನ.

ಅವಳ ಕೈ ಈ ಕೆಲಸದಲ್ಲಿ ಪಳಗಿತ್ತು. ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿಕೊಂಡಳು. ಫೋಟೋದ ಕೆಳಗೆ ಜಾಗ ಹಿಗ್ಗಿಸಿದಳು. ತುಟಿಯ ಕೆಳಗೊಂದು ಬಿಳಿ ಪಟ್ಟಿ ತೆರೆದುಕೊಂಡಿತು. ಅದನ್ನು ತುಂಬಿಸುವ ಮುಂಚೆ ಅಂಚನ್ನು ದೊಡ್ಡದು ಮಾಡಿ ನೋಡುವುದು ಅವಳ ರೂಢಿ. ಅಂಚಿನಲ್ಲಿ ಏನಿರುತ್ತದೋ ಯಂತ್ರ ಅದನ್ನೇ ಹಿಡಿದು ಮುಂದುವರಿಸುತ್ತದೆ. ಒಂದು ಕಲೆ ಇದ್ದರೆ ಅದನ್ನು ಎಳೆದು ಗಡ್ಡ ಮಾಡಿದ್ದೂ ಉಂಟು. ಈ ಫೋಟೋದ ಅಂಚಿನಲ್ಲೂ ನಟ್ಟನಡುವೆ ಹಸಿರು ಮಿಶ್ರಿತ ಮಬ್ಬು ಕಲೆಯೊಂದಿತ್ತು. ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳ ಅಂಚಿನಲ್ಲಿ ಇಂಥ ಕೊಳೆ ಎಷ್ಟೋ ಇರುತ್ತದೆ. ಜಾಸ್ಮಿನ ಎರಡು ಸಲ ಒತ್ತಿ ಅದನ್ನು ಅಳಿಸಿದಳು. ಆಮೇಲೆ ಬಿಳಿ ಪಟ್ಟಿಯ ಜೊತೆಗೆ ಮೇಲಿನ ಚರ್ಮವನ್ನೂ ಒಂದೆಳೆ ಸೇರಿಸಿ ಆಯ್ದುಕೊಂಡಳು. ಹಾಗೆ ಸೇರಿಸದಿದ್ದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಗೆರೆ ಉಳಿಯುತ್ತದೆ. ವಯಸ್ಸಾದ ಹೆಂಗಸಿನ ಗದ್ದ, ಕುತ್ತಿಗೆ ಎಂದು ಬರೆದು ಗುಂಡಿ ಒತ್ತಿದಳು.

ಮೂರು ಗದ್ದಗಳು ಬಂದವು. ಮೊದಲನೆಯದು ಹರೆಯದ ಹುಡುಗಿಯದು. ಮೂರನೆಯದಕ್ಕೆ ಕೆಳಗೆ ಇನ್ನೊಂದು ಗದ್ದ ಜೋತಿತ್ತು. ನಡುವಿನದು ಮುದುಕಿಯ ಮುಖಕ್ಕೆ ಸರಿಯಾಗಿ ಕೂತಿತು. ಹೊಸ ಭಾಗ ಸ್ವಲ್ಪ ನಯವಾಗಿ ಕಂಡದ್ದರಿಂದ ಅದರ ಮೇಲೆ ತರಿತರಿ ಉದುರಿಸಿ ಫೋನಿನ ಫೋಟೋದ ಒರಟಿಗೆ ಹೊಂದಿಸಿದಳು. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತು ಎಂಬುದು ಅವಳಿಗೇ ಗೊತ್ತಾಗುವಂತಿರಲಿಲ್ಲ.

ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು. ರುದ್ರೇಶ ಮುಂದಕ್ಕೆ ಬಾಗಿ ನೋಡಿದ. ಅವನ ಕಣ್ಣು ತುಂಬಿಕೊಂಡವು.

"ನಮ್ಮವ್ವನ ಇಕಿ," ಎಂದ. "ಥೇಟ್ ನಮ್ಮವ್ವ."

ನಿರ್ಮಲಾ ಸೆರಗಿನಿಂದ ಮೂಗೊರೆಸಿಕೊಂಡು ಹೌದೆಂದು ತಲೆಯಾಡಿಸಿದಳು. ಜಾಸ್ಮಿನಳಿಗೆ ಹೆಮ್ಮೆಯಾಯಿತು. ಸತ್ತವರಿಗೆ ಸಿಂಗಾರ ಮಾಡಿ ಮಾಡಿ ಬೇಸತ್ತಿದ್ದಳು. ತನ್ನ ಕೆಲಸದಿಂದ ಒಂದು ಜೀವ ಮನೆ ಸೇರುತ್ತದೆ ಎನಿಸಿ ಮೈ ಜುಮ್ಮೆಂದಿತು. ಕಾಣೆಯಾಗಿದ್ದಾರೆ ಎಂದು ಮೇಲೆ ಕೆಂಪಕ್ಷರ, ನಡುವೆ ಮುಖ, ಕೆಳಗೆ ಹಸಿರು ಸೀರೆ, ಮರೆವು ಇದೆ, ರುದ್ರೇಶನ ನಂಬರು. ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ತನ್ನ ಸ್ಟುಡಿಯೋದ ಹೆಸರು ಹಾಕಿದಳು. ಅದೂ ರೂಢಿಯೇ.

ಪೋಸ್ಟರು ಹಬ್ಬಿತು. ಹಳಿಯಾಳ, ದಾಂಡೇಲಿ, ಜೋಯಿಡಾ, ಯಲ್ಲಾಪುರ, ಎಲ್ಲ ಬಸ್ ಸ್ಟ್ಯಾಂಡುಗಳ ಕಂಬಕ್ಕೆ ಅಂಟಿತು. ಭಜನಾ ಮಂಡಳಿಗಳ ಗ್ರೂಪಿನಿಂದ ಹಿಡಿದು ಲಾರಿ ಡ್ರೈವರುಗಳ ಗ್ರೂಪಿನವರೆಗೆ ಓಡಾಡಿತು. ಮನೆಯಲ್ಲಿ ಪೂರ್ಣಿಮಾ ಅದನ್ನು ನೋಡಿ, "ಅಜ್ಜಿ ಇದರಾಗ ಬ್ಯಾರೇನ ಕಾಣತಾಳ," ಅಂದಳಂತೆ. ಫೋಟೋದಲ್ಲಿ ಎಲ್ಲರೂ ಹಂಗೇ ಕಾಣುವುದು ಎಂದು ನಿರ್ಮಲಾ ಬಾಯಿ ಮುಚ್ಚಿಸಿದಳಂತೆ. ಮನೆಯಲ್ಲಿ ಅಜ್ಜಿಯ ಮುಖ ಸರಿಯಾಗಿ ಗೊತ್ತಿದ್ದವಳು ಆ ಹುಡುಗಿಯೊಬ್ಬಳೇ, ಅವಳ ಮಾತು ಕೇಳುವವರು ಯಾರು?

ಪೋಸ್ಟರಿನ ಜೊತೆಗೆ ಫೋನುಗಳೂ ಬರತೊಡಗಿದವು. ಯಲ್ಲಾಪುರದಲ್ಲಿ ಇದ್ದಾಳೆ ಎಂದರು. ಓಡಿದರೆ ಅವಳು ಬೇರೆ ಯಾರೋ ಭಿಕ್ಷುಕಿ. ಕಲಘಟಗಿಯ ಗುಡಿಯಲ್ಲಿ ಇದ್ದಾಳೆ ಎಂದರು. ಆಕೆ ಆ ಗುಡಿಯ ಪೂಜಾರಿಯ ಅತ್ತೆ. ರುದ್ರೇಶ ಸರಿಯಾಗಿ ಬೈಸಿಕೊಂಡು ಬಂದ. ಅವನಿಗೆ ನಿದ್ದೆಯಿಲ್ಲ, ಊಟವಿಲ್ಲ, ಗಡ್ಡ ಬೆಳೆಯಿತು. ಹೋದಲ್ಲೆಲ್ಲ ಪೋಸ್ಟರಿನ ಮುಖ ಹಿಡಿದು ತೋರಿಸುವುದು, ರಾತ್ರಿ ಅದನ್ನೇ ನೋಡುತ್ತ ಕೂರುವುದು. ಇನ್ನು ಮೇಲೆ ಫೋನಿನಲ್ಲೇ ಗುರುತು ಕೇಳಿ, ಹೊಂದಿದರೆ ಮಾತ್ರ ಹೊರಡುವುದೆಂದು ತೀರ್ಮಾನಿಸಿದ. ಅದು ಜಾಣತನವೇ, ಅಲ್ಲವೆನ್ನಲಾಗದು.

ಇನ್ನಷ್ಟು ಪೋಸ್ಟರು ಬೇಕೆಂದು ಅವನು ಮತ್ತೆ ಸ್ಟುಡಿಯೋಗೆ ಬಂದಿದ್ದಾಗ ದಾಂಡೇಲಿಯ ಫೋನು ಬಂತು. ಜಾಸ್ಮಿನ ಪ್ರಿಂಟಿಗೆ ಹಾಕುತ್ತಿದ್ದಳು. ಮಾತು ಅವಳಿಗೂ ಕೇಳಲೆಂದು ಅವನು ಸ್ಪೀಕರು ಒತ್ತಿದ.

"ಅಣ್ಣಾರ, ನಾ ಗುಲ್ಶನ ಅಂತ ಹೇಳಿ, ದಾಂಡೇಲಿಯಿಂದ ಮಾತಾಡ್ತೇನ್ರಿ. ನಮ್ಮ ಮನಿಯವರು ಮಿಲ್ಲಿನ್ಯಾಗ ಕೆಲಸಕ್ಕದಾರ. ಬಸ್ ಸ್ಟ್ಯಾಂಡಿನ್ಯಾಗ ಒಬ್ಬರು ಅಜ್ಜಿ ಜ್ವರಾ ಬಂದು ಮಲಗಿದ್ರು. ಮನಿಗೆ ಕರಕೊಂಡ ಬಂದೇನ್ರಿ. ಇವತ್ತ ಕಂಬಕ್ಕ ನಿಮ್ಮ ಫೋಟೋ ನೋಡಿದೆ. ಕಣ್ಣು, ಮೂಗು, ಮೂಗುತಿ, ಹಸರ ಸೀರಿ ಎಲ್ಲಾ ಅವರದ ಕಂಡಂಗಾತು. ಆದ್ರ ಈ ಅಜ್ಜಿಗೆ ಗದ್ದದ ಮ್ಯಾಲ ಹಚ್ಚಿ ಐತ್ರಿ, ಮೂರು ಚುಕ್ಕಿ. ಫೋಟೋದಾಗ ಇಲ್ಲ. ನಿಮ್ಮವ್ವಾರಿಗೆ ಹಚ್ಚಿ ಇತ್ತೇನ್ರಿ?"

ಹಚ್ಚಿ ಎಂದರೆ ಹಚ್ಚೆ. ಈ ಕಡೆಯ ಮುದುಕಿಯರ ಹಣೆ, ಗದ್ದ, ಮುಂಗೈಗಳಲ್ಲಿ ಸೂಜಿಯಿಂದ ಚುಚ್ಚಿಸಿಕೊಂಡ ಹಸಿರು ಗುರುತು.

ರುದ್ರೇಶ ಜಾಸ್ಮಿನಳ ಪರದೆಯತ್ತ ನೋಡಿದ. ಜಾಸ್ಮಿನ ಅವನಿಗೆ ಕಾಣಲೆಂದು ಮುಖವನ್ನು ದೊಡ್ಡದು ಮಾಡಿದಳು. ಗದ್ದ ತೊಳೆದ ತಟ್ಟೆಯಂತೆ ಸ್ವಚ್ಛವಾಗಿತ್ತು.

"ಇಲ್ರಿ," ಎಂದ ರುದ್ರೇಶ. "ನಮ್ಮವ್ವಗ ಹಚ್ಚಿ ಇಲ್ಲ."

"ಸಂಜಿಗೆ ನಮ್ಮವರು ಬರ್ತಾರ್ರಿ, ಅವರ ಫೋನಿನ್ಯಾಗ ಫೋಟೋ ತಗದ ಕಳಸಲೇನ್ರಿ? ನಂದು ಸಾದಾ ಫೋನು."

"ಬ್ಯಾಡ್ರಿ ಅಕ್ಕಾರ, ತ್ರಾಸ ತಗೋಬ್ಯಾಡ್ರಿ. ಹಚ್ಚಿ ಐತಿ ಅಂದ್ರ ಅಕಿ ಅಲ್ಲ. ನಿಮಗ ಪುಣ್ಯಾ ಬರಲಿ."

"ಹೌದನ್ರಿ? ಇನ್ನೊಂದ ಮಾತ್ರಿ, ಅವರು—"

ಅಷ್ಟರಲ್ಲಿ ಅವನು ಫೋನು ಇಟ್ಟಾಗಿತ್ತು.

ಇದನ್ನು ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಹೆತ್ತ ತಾಯಿಯ ಗದ್ದ ಮಗನಿಗೆ ಗೊತ್ತಿರುವುದಿಲ್ಲವೇ? ಕೇಳುವವರು ಸ್ವಲ್ಪ ತಡೆದು ಹೇಳಲಿ. ನಿಮ್ಮ ತಾಯಿಯ ಮೂಗುತಿ ಯಾವ ಕಡೆಗಿತ್ತು? ಎಡಕ್ಕೋ ಬಲಕ್ಕೋ? ದಿನಾ ಕಾಣುವುದನ್ನು ಯಾರೂ ನೋಡುವುದಿಲ್ಲ. ಹುಟ್ಟಿದಾಗಿನಿಂದ ಕಂಡ ಆ ಮೂರು ಚುಕ್ಕಿಗಳು ಅವನಿಗೆ ಚುಕ್ಕಿಗಳಾಗಿರಲಿಲ್ಲ, ಅವ್ವನ ಮುಖ ಆಗಿದ್ದವು. ಮುಪ್ಪಿನಲ್ಲಿ ಬಣ್ಣ ಮಾಸಿ ನಿರಿಗೆಗಳಲ್ಲಿ ಹೂತುಹೋಗಿದ್ದವು. ಅದರ ಮೇಲೆ ದಿನಗಟ್ಟಲೆ ಹಗಲು ರಾತ್ರಿ ನೋಡಿದ್ದು ಪೋಸ್ಟರನ್ನು. ನೋಡಿ ನೋಡಿ ಪೋಸ್ಟರಿನ ಮುಖವೇ ಅವನ ತಲೆಯಲ್ಲಿ ಅವ್ವನಾಗಿ ಕೂತುಬಿಟ್ಟಿತ್ತು. ಇಷ್ಟು ಹೇಳಿದರೂ ನನಗೆ ಅವನ ಮೇಲಿನ ಸಿಟ್ಟು ಪೂರ್ತಿ ಇಳಿಯುವುದಿಲ್ಲ, ಆ ಮಾತು ಬೇರೆ.

ಮರುದಿನ ಜಾಸ್ಮಿನ ಆಗಷ್ಟೇ ಶಟರು ಎತ್ತಿ ಕಸ ಗುಡಿಸುತ್ತಿದ್ದಳು. ಬಸ್ ಸ್ಟ್ಯಾಂಡಿನಿಂದ ಒಬ್ಬ ಮುದುಕಿ ರಸ್ತೆ ದಾಟಿ ದಾಪುಗಾಲು ಹಾಕುತ್ತ ಬಂದಳು. ಕಂಕುಳಲ್ಲಿ ಗಂಟು, ಕೈಯಲ್ಲಿ ಕಂಬದಿಂದ ಕಿತ್ತ ಪೋಸ್ಟರು. ಹಿಂದೆ ರುದ್ರೇಶ ಓಡುತ್ತ ಬರುತ್ತಿದ್ದ. ಅವಳನ್ನು ಬಸ್ಸಿಳಿಸಿಕೊಳ್ಳಲು ಬಂದಿದ್ದವನು. ಮುದುಕಿ ಗಿರಿಜಾಬಾಯಿಯ ತಂಗಿ ಮಾಲವ್ವ. ತೇರಗಾಂವದವಳು, ಮಗಳ ಬಾಣಂತನಕ್ಕೆ ಗೋವೆಗೆ ಹೋಗಿದ್ದವಳು, ಸುದ್ದಿ ಕೇಳಿ ಸೀದಾ ಇಲ್ಲಿಗೆ ಬಂದಿದ್ದಳು.

"ಈ ಸ್ಟುಡಿಯೋ ನಿಂದೇನ? ಯಾರ ಫೋಟೋ ಇದು?" ಎಂದು ಪೋಸ್ಟರನ್ನು ಜಾಸ್ಮಿನಳ ಎದೆಗೆ ಹಿಡಿದಳು.

"ಗಿರಿಜಾಬಾಯಾರದು..."

"ಕಣ್ಣ ನಮ್ಮಕ್ಕಂದು. ಮೂಗ ನಮ್ಮಕ್ಕಂದು. ಕೆಳಗಿಂದ ಯಾರದು? ನಮ್ಮಕ್ಕನ ಹಚ್ಚಿ ಎಲ್ಲಿ ಒರಸಿ ಹಾಕಿದಿ?"

ಜಾಸ್ಮಿನಳ ಕೈಯಿಂದ ಕಸಬರಿಗೆ ಜಾರಿತು. ಮಾಲವ್ವನ ಗದ್ದ ಅವಳ ಕಣ್ಣೆದುರಿಗೇ ಇತ್ತು. ತುಟಿಯ ಕೆಳಗೊಂದು, ಅದರ ಕೆಳಗೆ ಎರಡು. ಹಸಿರು ಮಾಸಿದ ಮೂರು ಚುಕ್ಕಿ.

"ಒಂದ ದಿನಾ ಹಾಕಿಸಿಕೊಂಡಿದ್ವಿ ಇಬ್ಬರೂ," ಎಂದಳು ಮಾಲವ್ವ.  "ನಾ ಅಳಾಕ ಹತ್ತಿದ್ನಿ ಅಂತ ಅಕಿ ಮೊದಲ ಚುಚ್ಚಿಸಿಕೊಂಡ ತೋರಿಸಿದ್ಲು. ರುದ್ರ್ಯಾ, ನಿನಗ ಕಣ್ಣಿಲ್ಲೇನ? ನಿಮ್ಮವ್ವನ ಗದ್ದ ಏನೋ ಇದು?"

ರುದ್ರೇಶ ಚಿಗವ್ವನ ಗದ್ದವನ್ನು ನೋಡಿದ. ಪೋಸ್ಟರನ್ನು ನೋಡಿದ. ಮತ್ತೆ ಗದ್ದವನ್ನು ನೋಡಿದ.  ಅವನು ಸ್ಟುಡಿಯೋದ ಮೆಟ್ಟಿಲ ಮೇಲೆ ಕುಸಿದು ಕೂತ.

ಜಾಸ್ಮಿನ ಒಳಗೆ ಓಡಿ ಕಂಪ್ಯೂಟರು ಹಾಕಿದಳು. ಅವಳಿಗೆ ಏನೋ ನೆನಪಾಗಿತ್ತು, ಅದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದಳು. ವಾಟ್ಸಾಪಿನಲ್ಲಿ ಬಂದ ಮೂಲ ಫೋಟೋ ಹಾಗೇ ಉಳಿದಿತ್ತು. ಅದನ್ನು ತೆರೆದು ಕೆಳಗಿನ ಅಂಚನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ತುಟಿಯ ಕೆಳಗೆ, ಫೋಟೋ ಮುಗಿಯುವಲ್ಲಿ, ಹಸಿರು ಮಬ್ಬು. ಕೊಳೆಯಲ್ಲ. ಮೇಲ್ಭಾಗ ದುಂಡಗಿದೆ, ಕೆಳಭಾಗ ಫೋಟೋದ ಅಂಚಿಗೆ ಕತ್ತರಿಸಿಹೋಗಿದೆ. ಅರ್ಧ ಚುಕ್ಕಿ. ಅದನ್ನು ಬಿಟ್ಟಿದ್ದರೆ ಯಂತ್ರಕ್ಕೆ ಹಚ್ಚೆಯೆಂದು ತಿಳಿಯುತ್ತಿರಲಿಲ್ಲ ನಿಜ. ಅದನ್ನು ಒಂದು ಮಚ್ಚೆಯನ್ನೋ ಕಲೆಯನ್ನೋ ಮಾಡುತ್ತಿತ್ತು. ಆದರೆ ಏನಾದರೂ ಒಂದು ಇರುತ್ತಿತ್ತು. ಅದನ್ನು ನೋಡಿ ಮಗನಿಗೆ ಏನಾದರೂ ಹೊಳೆಯುತ್ತಿತ್ತು. ತಾನು ಎರಡು ಸಲ ಒತ್ತಿ ಒರೆಸಿದ್ದು ಕೊಳೆಯನ್ನಲ್ಲ.

"ದಾಂಡೇಲಿ," ಎಂದು ಒಳಗಿನಿಂದಲೇ ಕೂಗಿದಳು. "ರುದ್ರೇಶಣ್ಣಾರ, ದಾಂಡೇಲಿ ಅಕ್ಕಾರಿಗೆ ಫೋನ್ ಹಚ್ಚರಿ! ಲಗೂನ!"

ಅವನು ಫೋನು ತೆಗೆದ. ನಂಬರು ಹುಡುಕಲು ಆಗಲಿಲ್ಲ. ಜಾಸ್ಮಿನಳೇ ಫೋನು ಕಸಿದುಕೊಂಡು, ಬಂದ ಕರೆಗಳಲ್ಲಿ ನಿನ್ನೆಯದನ್ನು ಹುಡುಕಿ ಒತ್ತಿದಳು. ಸ್ಪೀಕರು ಹಾಕಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಒತ್ತಿದಳು.

"ಹಲೋ," ಎಂಬ ದನಿ ಬಂತು. ಅತ್ತು ಅತ್ತು ಗಂಟಲು ಕಟ್ಟಿದ ದನಿ.

"ಅಕ್ಕಾರ, ಅಕಿ ನಮ್ಮವ್ವನ್ರಿ," ಎಂದ ರುದ್ರೇಶ. "ಹಚ್ಚಿ ಐತ್ರಿ ನಮ್ಮವ್ವಗ. ಮೂರು ಚುಕ್ಕಿ. ನಾ ತಪ್ಪ ಹೇಳಿದ್ನಿ. ಎಲ್ಲಿ ಅದಾಳ್ರಿ? ಈಗ ಬರ್ತೇವ್ರಿ ನಾವು."

ಆ ಕಡೆ ಅವಳು ಬಿಕ್ಕಿದ್ದು ಕೇಳಿಸಿತು.

"ಅಕ್ಕಾರ?"

"ನೀವ ಅಲ್ಲ ಅಂದ್ರೆಲ್ಲ ಅಣ್ಣಾರ," ಎಂದಳು ಗುಲ್ಶನ. "ನಿನ್ನೆ ಜ್ವರಾ ಇಳದಿತ್ತು. ಇವತ್ತ ನಮ್ಮವರು ಡ್ಯೂಟಿ ಮುಗಿಸಿ ಬಂದಮ್ಯಾಲ ಪೊಲೀಸರ ಕಡೆ ಕರಕೊಂಡ ಹೋಗೂಣು ಅಂದಿದ್ರು. ಮುಂಜಾನೆ ನಾ ನಳದ ಕಡೆ ನೀರಿಗೆ ಹೋದೆ, ಬರೂದರಾಗ ಬಾಗಲಾ ತಗದಿತ್ತು. ಹಳಿಯಾಳ ರಸ್ತಾಕ್ಕ ಹೋಗ್ಯಾರ. ಲಾರಿ ಹಾಯ್ದತ್ರಿ... ದವಾಖಾನಿಗೆ ಒಯ್ದ್ವಿ, ಜೀವ ಇರಲಿಲ್ಲ. ಈಗ ಅಲ್ಲೇ ಕುಂತೇನ್ರಿ ನಾ. ಯಾರ ಮಂದೀನೋ ಏನೋ ಅಂತ ಬಿಟ್ಟ ಬರಾಕ ಮನಸಾಗವಲ್ದು."

ರುದ್ರೇಶ ಹಣೆಯನ್ನು ಗೋಡೆಗೆ ಬಡಿದುಕೊಂಡ.  ಫೋನು ಇನ್ನೂ ಜಾಸ್ಮಿನಳ ಕೈಯಲ್ಲೇ ಇತ್ತು, ಗುಲ್ಶನಳ ಮಾತು ಮುಗಿದಿರಲಿಲ್ಲ.

"ನಿನ್ನೆ ಇದನ್ನ ಹೇಳಾಕ ಹೋದೆ, ಫೋನ್ ಇಟ್ರಿ ನೀವು. ಒಂದ ಹೆಸರು ಹೇಳತಿದ್ರು ಅಜ್ಜಿ. ಮಾಲವ್ವ ಬಂದ್ಲೇನು, ಮಾಲವ್ವ ಬಂದ್ಲೇನು ಅಂತ. ಮಾಲವ್ವ ಅಂದ್ರ ಯಾರ್ರಿ?"

ಮಾಲವ್ವ ಗಂಟನ್ನು ನೆಲಕ್ಕೆ ಬಿಟ್ಟಳು. ಅವಳ ಬಾಯಿಂದ ಬಂದ ಕೂಗಿಗೆ ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡಿದರು.

ಜಾಸ್ಮಿನಳ ತಮ್ಮ ತಾರಿಕ ಪಕ್ಕದ ಗ್ಯಾರೇಜಿನವನು, ಅವನ ಗಾಡಿಯಲ್ಲೇ ಎಲ್ಲರೂ ಹೊರಟರು. ಜಾಸ್ಮಿನಳನ್ನು ಯಾರೂ ಬಾ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವಳು ಶಟರು ಎಳೆದು ಹಿಂದಿನ ಸೀಟಿನಲ್ಲಿ ಮಾಲವ್ವನ ಪಕ್ಕ ಕೂತಳು.  ದಾರಿಯಲ್ಲಿ ಹಳಿಯಾಳದ ಕಂಬಗಳಲ್ಲಿ ಅವಳ ಪೋಸ್ಟರು ಕಾಣುತ್ತಲೇ ಇತ್ತು. ಅವಳು ಕಣ್ಣು ಮುಚ್ಚಿಕೊಂಡಳು.

ಆಸ್ಪತ್ರೆಯ ಹಿಂದಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಬುರ್ಖಾ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು. ಗುಲ್ಶನ. ಅವಳ ಮಡಿಲಲ್ಲಿ ಒಗೆದು ಮಡಿಸಿದ ಹಸಿರು ಸೀರೆ. ಜ್ವರದ ಬೆವರಿಗೆ ತೊಯ್ದಿತ್ತೆಂದು ತನ್ನ ಸೀರೆ ಉಡಿಸಿ ಇದನ್ನು ಒಗೆದು ಇಟ್ಟಿದ್ದಳಂತೆ. ಅವಳು ಎದ್ದು ಸೀರೆಯನ್ನು ಮಾಲವ್ವನ ಕೈಗೆ ಕೊಟ್ಟಳು. ಮಾಲವ್ವನ ಗದ್ದವನ್ನು ಕಂಡದ್ದೇ ಬಾಯಿಗೆ ಬುರ್ಖಾದ ಅಂಚು ಒತ್ತಿಕೊಂಡಳು.

ಬಿಳಿ ಬಟ್ಟೆ ಮೂಗಿನವರೆಗೆ ಹೊದಿಸಿತ್ತು. ಕಣ್ಣು ಮುಚ್ಚಿದ್ದವು, ಮೂಗುತಿ ಇತ್ತು, ಹಣೆಯ ವಿಭೂತಿ ಮಾತ್ರ ಇರಲಿಲ್ಲ. ಇಷ್ಟರವರೆಗೆ ಅದು ಜಾಸ್ಮಿನ ಬಲ್ಲ ಮುಖವೇ. ಮಾಲವ್ವ ಬಟ್ಟೆಯನ್ನು ಮೆಲ್ಲಗೆ ಕೆಳಗೆ ಸರಿಸಿದಳು.

ಜಾಸ್ಮಿನ ಕೂಡಿಸಿದ ಗದ್ದ ಅಗಲವಾಗಿತ್ತು, ಗಂಭೀರವಾಗಿತ್ತು, ಯಾರದೋ ದೊಡ್ಡ ಮನೆಯ ಯಜಮಾನಿಯ ಹಾಗಿತ್ತು. ಇದು ಚಿಕ್ಕ ಗದ್ದ. ಸ್ವಲ್ಪ ಎಡಕ್ಕೆ ವಾಲಿದ್ದು. ಹಟಮಾರಿ ಹುಡುಗಿಯರದು ಇರುತ್ತದಲ್ಲ, ಹಾಗೆ ಮುಂದೆ ಚಾಚಿದ್ದು. ಅದರ ನಡುವೆ ಮೂರು ಚುಕ್ಕಿಗಳು, ಮಾಸಿದ್ದರೂ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಎಷ್ಟು ತಪ್ಪು ಮಾಡಿದ್ದೆ ಎಂದುಕೊಂಡಳು ಜಾಸ್ಮಿನ. ಒಂದೇ ಒಂದು ಗೆರೆಯೂ ಸರಿ ಇರಲಿಲ್ಲ. ಮಾಲವ್ವ ಅಕ್ಕನ ಗದ್ದಕ್ಕೆ ಬೆರಳು ಮುಟ್ಟಿಸಿ ಚುಕ್ಕಿಗಳನ್ನು ಸವರುತ್ತಿದ್ದಳು. ರುದ್ರೇಶ ಹತ್ತಿರ ಬಂದವನು ಆ ಚುಕ್ಕಿಗಳನ್ನು ಮೊದಲ ಸಲ ನೋಡುವವನಂತೆ ನೋಡಿದ. ನೋಡಲಾಗದೆ ತಾಯಿಯ ಪಾದದ ಕಡೆಗೆ ಹೋಗಿ ಅಲ್ಲಿ ತಲೆಯಿಟ್ಟ.

ತಾಯಿಯ ತಿಥಿಯ ಶಿವಗಣಾರಾಧನೆಗೆ ಮುಂಚೆ ರುದ್ರೇಶ ಸ್ಟುಡಿಯೋಗೆ ಬಂದ. ತೀರ ಸೊರಗಿದ್ದ. ಜಾಸ್ಮಿನ ಎದ್ದು ನಿಂತಳು. ಅವನು ಬಯ್ಯುತ್ತಾನೆಂದು, ಹೊಡೆದರೂ ಹೊಡೆಯಲಿ ಎಂದು ಕಾದಿದ್ದಳು. ಅಷ್ಟು ದಿನವೂ ಅವಳು ಒಂದೇ ಒಂದು ಕೋಟು ಯಾರಿಗೂ ತೊಡಿಸಿರಲಿಲ್ಲ, ಬಂದ ಹಣೆ ಗದ್ದಗಳನ್ನೆಲ್ಲ ಆಗುವುದಿಲ್ಲ ಎಂದು ಅಬ್ಬಾನ ಹಾಗೆ ವಾಪಸ್ ಕಳಿಸಿದ್ದಳು.

"ಪೂಜಾಕ್ಕ ಇಡಾಕ ಫೋಟೋ ಬೇಕು ತಂಗಿ," ಎಂದ. "ಇರೂದು ಅದೊಂದ."

"ಅಣ್ಣಾರ..." ಎಂದು ಜಾಸ್ಮಿನ ತಡವರಿಸಿದಳು. "ಮಾಲವ್ವಾರನ್ನ ಕರಕೊಂಡ ಬರ್ರಿ. ಅವರ ಗದ್ದದ ಫೋಟೋ ತಗದು ಅದನ್ನ ಹಚ್ಚತೇನಿ. ಹಚ್ಚಿ ಸೈತ ಬರತೈತಿ. ಅಕ್ಕತಂಗ್ಯಾರದು ಒಂದ ನಮೂನಿ ಇರತೈತಿ. ಈ ಸಲ ತಪ್ಪ ಆಗೂದಿಲ್ರಿ."

ರುದ್ರೇಶ ತಲೆ ಅಲ್ಲಾಡಿಸಿದ.

"ಬ್ಯಾಡ," ಎಂದ. "ಏನೂ ಹಚ್ಚಬ್ಯಾಡ್ರಿ. ಎಷ್ಟ ಐತ್ಯೋ ಅಷ್ಟ ಹಾಕ್ರಿ. ನೋಡಿದಾಗೊಮ್ಮೆ ಗದ್ದಾ ಎಲ್ಲಿ ಅಂತ ನಾ ಹುಡಕಬೇಕು."

ಜಾಸ್ಮಿನ ಮೂಲ ಫೋಟೋ ತೆರೆದಳು. ಹಾಗೇ ಪ್ರಿಂಟು ಹಾಕಿ ಕಟ್ಟು ಹಾಕಿಸಿದರೆ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಚೌಕಟ್ಟಿನ ಕಟ್ಟಿಗೆ ಸುತ್ತಲೂ ಒಂದಿಷ್ಟು ಅಂಚನ್ನು ನುಂಗುತ್ತದೆ. ಮೊದಲು ನುಂಗುವುದು ಆ ಅರ್ಧ ಚುಕ್ಕಿಯನ್ನೇ. ಅದಕ್ಕೆ ಅವಳು ಅಂದಿನಂತೆಯೇ ಫೋಟೋದ ಕೆಳಗೆ ಜಾಗ ಹಿಗ್ಗಿಸಿದಳು. ಅಂದಿನಂತೆಯೇ ತುಟಿಯ ಕೆಳಗೆ ಬಿಳಿ ಪಟ್ಟಿ ತೆರೆದುಕೊಂಡಿತು. ಅದನ್ನು ಆಯ್ದುಕೊಂಡ ಕೂಡಲೇ, ಇಲ್ಲಿ ಏನು ತುಂಬಿಸಲಿ ಎಂದು ಕೇಳುವ ಚಿಕ್ಕ ಪೆಟ್ಟಿಗೆ ಪರದೆಯ ಮೇಲೆ ತೇಲಿ ಬಂತು.

ಜಾಸ್ಮಿನ ಅದನ್ನು ಮುಚ್ಚಿದಳು. ಅಂಚನ್ನು ಮುಟ್ಟಲಿಲ್ಲ. ಬಿಳಿ ಪಟ್ಟಿಯನ್ನು ಬಿಳಿಯಾಗಿಯೇ ಬಿಟ್ಟು ಪ್ರಿಂಟು ಕೊಟ್ಟಳು. ಕಾಗದ ನಿಧಾನವಾಗಿ ಹೊರಗೆ ಬಂತು: ಹಣೆ, ಕಣ್ಣು, ಮೂಗುತಿ, ತುಟಿ, ಅರ್ಧ ಹಸಿರು ಚುಕ್ಕಿ, ಆಮೇಲೆ ಖಾಲಿ. ರುದ್ರೇಶ ಅದನ್ನು ಎರಡೂ ಕೈಯಿಂದ ಹಿಡಿದು, ಹೆಬ್ಬೆರಳನ್ನು ಆ ಖಾಲಿ ಜಾಗದ ಮೇಲಿಟ್ಟು, ಅಲ್ಲೇ ನಿಂತು ಅಳತೊಡಗಿದ.